ಪೌಡರಿನ ಮುಪ್ಪು

ಕೆಲವು ತಿಂಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ ನಲ್ವತ್ತು ನಿಮಿಷದ ಕಿರುನಾಟಕವೊಂದನ್ನು ನೋಡಿದೆ. ಕಥೆ ನಮ್ಮ ಅನೇಕ ಮನೆಗಳದ್ದೇ. 1978ರಲ್ಲಿ 24ರ ಯುವಕನೊಬ್ಬ ಗಲ್ಫಿಗೆ ಹೊರಡುತ್ತಾನೆ. 1998ರಲ್ಲಿ ಮಗಳ ಮದುವೆಗೆಂದು ರಜೆಯ ಮೇಲೆ ಬರುತ್ತಾನೆ. 2018ರಲ್ಲಿ ಎಲ್ಲ ಮುಗಿಸಿ ಮನೆಗೆ ಮರಳುತ್ತಾನೆ. ಮೂರೂ ದೃಶ್ಯಗಳಲ್ಲಿ ಆ ತಂದೆ 23 ವರ್ಷದ ಒಬ್ಬನೇ ನಟ.

ಮಾತು ಹದವಾಗಿತ್ತು, ಅಭಿನಯವೂ ಕೆಟ್ಟದಾಗಿರಲಿಲ್ಲ. ಕೊನೆಯಲ್ಲಿ ಮಗಳು ತಂದೆಯ ಹೆಗಲಿಗೆ ತಲೆಯಿಟ್ಟು ಅಳಬೇಕು. ಅವಳು ಹಾಗೆ ಮಾಡಿದ ಕ್ಷಣ ತಂದೆಯ ತಲೆಯಿಂದ ಬಿಳಿ ಪುಡಿ ಹೊಗೆಯಂತೆ ಎದ್ದು ಅವಳ ಕಪ್ಪು ಬುರ್ಖಾದ ಮೇಲೆ ಉದುರಿತು. ಸಭೆ ನಕ್ಕಿತು. ನಲ್ವತ್ತು ವರ್ಷಗಳ ಅಗಲಿಕೆ ಒಂದು ಹಿಡಿ ಪೌಡರಿನಲ್ಲಿ ಕರಗಿಹೋಯಿತು. ಆ ಹುಡುಗನನ್ನು ದೂರಿ ಫಲವಿಲ್ಲ. ಅವನ ಮುಪ್ಪನ್ನು ಯಾರೂ ಯೋಜಿಸಿರಲಿಲ್ಲ. ಅದನ್ನು ಕೊನೆಯ ಗಳಿಗೆಯಲ್ಲಿ ಅವನ ಮೇಲೆ ಸುರಿದಿದ್ದರು.

ಅಮೆರಿಕದ ನಾಟಕಕಾರ ಥಾರ್ನ್‌ಟನ್ ವೈಲ್ಡರ್ 1931ರಲ್ಲಿ 'ದಿ ಲಾಂಗ್ ಕ್ರಿಸ್‌ಮಸ್ ಡಿನ್ನರ್' ಎಂಬ ಏಕಾಂಕವನ್ನು ಪ್ರಕಟಿಸಿದ. ಒಂದು ಕುಟುಂಬದ ತೊಂಬತ್ತು ವರ್ಷಗಳು ಒಂದೇ ಊಟದ ಮೇಜಿನ ಸುತ್ತ, ಪರದೆ ಬೀಳದೆ ಸಾಗುತ್ತವೆ. ಮುಖಕ್ಕೆ ಬಣ್ಣ ಹಚ್ಚಲು ಅಲ್ಲಿ ಸಮಯವೇ ಇಲ್ಲ. ನಟರು ಬಿಳಿ ಕೂದಲಿನ ವಿಗ್ಗನ್ನು ತಮ್ಮ ಬಳಿ ಇಟ್ಟುಕೊಂಡು, ಹೊತ್ತು ಬಂದಾಗ ಎಲ್ಲರೆದುರೇ ಸದ್ದಿಲ್ಲದೆ ಧರಿಸುತ್ತಾರೆ. ಹೆಂಗಸರು ಮೇಜಿನ ಕೆಳಗಿರುವ ಶಾಲನ್ನು ನಿಧಾನವಾಗಿ ಹೆಗಲಿಗೆ ಎಳೆದುಕೊಳ್ಳುತ್ತಾರೆ. ಉಳಿದದ್ದನ್ನು ಅಭಿನಯವೇ ಮಾಡಬೇಕು. ಪ್ರೇಕ್ಷಕನಿಗೆ ಅದು ವಿಗ್ ಎಂದು ಗೊತ್ತು, ಆದರೂ ಅವನು ನಗುವುದಿಲ್ಲ. ನಾಟಕ ಮೊದಲಿನಿಂದಲೂ ಅವನೊಡನೆ ಆ ಒಪ್ಪಂದ ಮಾಡಿಕೊಂಡಿರುತ್ತದೆ.

ಸಿನಿಮಾದ ದಾರಿ ಬೇರೆ. 1941ರ 'ಸಿಟಿಜನ್ ಕೇನ್'ನಲ್ಲಿ ಇಪ್ಪತ್ತೈದರ ಆರ್ಸನ್ ವೆಲ್ಸ್ ಮುದುಕನಾಗಿ ಸಾಯುವವರೆಗೂ ನಟಿಸಿದ. ಪ್ರಸಾಧನ ಕಲಾವಿದ ಮಾರಿಸ್ ಸೈಡರ್‌ಮನ್‌ಗೆ ಅದಕ್ಕಾಗಿ ದಿನವೂ ಗಂಟೆಗಟ್ಟಲೆ ಸಮಯ ಬೇಕಾಗುತ್ತಿತ್ತು. ಅಲ್ಲಿ ಒಂದು ವಯಸ್ಸಿನ ಚಿತ್ರೀಕರಣ ಮುಗಿಸಿ ಇನ್ನೊಂದಕ್ಕೆ ಹೋಗಬಹುದು. ರಂಗದ ಮೇಲೆ ದೃಶ್ಯಗಳ ನಡುವೆ ಸಿಗುವುದು ಎರಡು-ಮೂರು ನಿಮಿಷ ಮಾತ್ರ. ನಾನು ನೋಡಿದ ನಾಟಕ ವೈಲ್ಡರನ ಸಮಯದಲ್ಲಿ ವೆಲ್ಸ್‌ನ ಮುಖವನ್ನು ಬಯಸಿತ್ತು. ಅದರ ಮೂಲ ದೋಷ ಅದೇ.

ಹಾಗಾದರೆ ಆ ನಾಟಕವನ್ನು ಹೇಗೆ ಸಜ್ಜುಗೊಳಿಸಬಹುದಿತ್ತು? ಯೋಜನೆ ಹಿಂದಿನಿಂದ ಮುಂದಕ್ಕೆ ಬರಬೇಕು. 64ರ ತಂದೆ ಹೇಗಿರುತ್ತಾನೆ ಎಂದು ಮೊದಲು ನಿರ್ಧರಿಸಿ, ಆಮೇಲೆ 44ಕ್ಕೂ 24ಕ್ಕೂ ಇಳಿಯಬೇಕು. ಮುಖದ ಬಣ್ಣವನ್ನು ನಡುವೆ ತೊಳೆಯಲು ಆಗದು, ಸೇರಿಸಲು ಮಾತ್ರ ಸಾಧ್ಯ. ಆದ್ದರಿಂದ ಮೊದಲ ದೃಶ್ಯದ ಬಣ್ಣ ತೀರಾ ತೆಳುವಾಗಿರಬೇಕು. ಸಿಗುವ ಅಲ್ಪ ಸಮಯದ ದೊಡ್ಡ ಪಾಲನ್ನು ಮುಖಕ್ಕಲ್ಲ, ಬಟ್ಟೆಗೆ ಕೊಡಬೇಕು. ಕೊನೆಯ ಸಾಲಿನವನಿಗೆ ಸುಕ್ಕು ಕಾಣುವುದಿಲ್ಲ, ಆದರೆ ಮೈಯ ಆಕಾರ ಕಾಣುತ್ತದೆ.

1978ರ ಯುವಕನಿಗೆ ಮೈಗೆ ಅಂಟಿದ, ಅಗಲ ಕಾಲರಿನ ಶರ್ಟು, ಬೆಲ್‌ಬಾಟಂ ಪ್ಯಾಂಟು ಸಾಕು. 1998ಕ್ಕೆ ಬನಿಯನ್ನಿನೊಳಗೆ ಹತ್ತಿ ಹೊಲಿದು ಹೊಟ್ಟೆ ಮಾಡಬೇಕು, ಬೆಲ್ಟು ಅದರ ಕೆಳಗಿಳಿಯಬೇಕು, ಮೇಲೆ ಮದುವೆಗೆ ಹೊಲಿಸಿದ ಹೊಸ ಶರ್ಟು. 2018ಕ್ಕೆ ಆ ಹೊಟ್ಟೆಯನ್ನು ತೆಗೆದುಬಿಡಬೇಕು. ಮೇಲೆ ಅದೇ ಶರ್ಟು, ಅಂದರೆ ಅದೇ ಬಟ್ಟೆಯಲ್ಲಿ ಒಂದು ಅಳತೆ ದೊಡ್ಡದಾಗಿ ಹೊಲಿಸಿದ ಇನ್ನೊಂದು. ಅದನ್ನು ಮೊದಲೇ ಹಲವು ಸಲ ಒಗೆದು ಬಣ್ಣ ಇಳಿಸಿ, ಕಾಲರಿನ ಅಂಚನ್ನು ಮರಳು ಕಾಗದದಿಂದ ತಿಕ್ಕಿರಬೇಕು. ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿದ್ದರೆ, ಮೈ ಕುಗ್ಗಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಆ ಶರ್ಟನ್ನು ಮಗಳು ಗುರುತಿಸಿದರೆ ನಾಟಕಕ್ಕೆ ಒಂದು ಸಂಭಾಷಣೆಯೂ ಉಳಿಯುತ್ತದೆ. ತುಸು ದೊಡ್ಡ ಹವಾಯಿ ಚಪ್ಪಲಿ ಕೊಟ್ಟರೆ ಕಾಲೆಳೆಯುವ ನಡಿಗೆ ತಾನಾಗಿ ಬರುತ್ತದೆ.

ಇನ್ನು ಕೂದಲು. ಮುಪ್ಪು ಎಂದರೆ ಬಿಳಿ ಎಂದು ನಮ್ಮ ತಂಡಗಳು ನಂಬಿವೆ. ನಮ್ಮ ಬೀದಿಗಳಲ್ಲಿ ಕಣ್ಣಾಡಿಸಿದರೆ ಬೇರೆಯೇ ಕಾಣುತ್ತದೆ. ಮಗಳ ಮದುವೆಗೆ ಬರುವ 44ರ ಗಲ್ಫ್ ತಂದೆ ಮೀಸೆಗೆ ಡೈ ಹಾಕಿಕೊಂಡೇ ವಿಮಾನ ಇಳಿಯುತ್ತಾನೆ. ಬಳಲಿದ ಮುಖದ ಮೇಲಿನ ಆ ಅತಿ ಕಪ್ಪು ಮೀಸೆಯೇ ವಯಸ್ಸನ್ನು ಸಾರುತ್ತದೆ. ಇಪ್ಪತ್ತು ವರ್ಷದ ಮೇಲೆ ಅವನ ಗಡ್ಡ ಮೆಹಂದಿಯಿಂದ ಕೆಂಪಾಗಿ, ಬುಡದಲ್ಲಿ ಮಾತ್ರ ಬಿಳಿ ಇಣುಕುತ್ತಿರಬಹುದು. ಈ ಗಡ್ಡವನ್ನು ತೆಳು ಬಲೆಯ ಮೇಲೆ ಮೊದಲೇ ಕಟ್ಟಿಟ್ಟುಕೊಂಡು, ಸ್ಪಿರಿಟ್ ಗಮ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಯುವಕನ ಗಟ್ಟಿ ದವಡೆಯನ್ನು ಬಣ್ಣದಿಂದ ಮುದಿಯಾಗಿಸುವುದು ಬಹಳ ಕಷ್ಟ. ಗಡ್ಡ ಅದನ್ನು ಮುಚ್ಚಿಬಿಡುತ್ತದೆ. ತಲೆಗೆ ಟೋಪಿ ಇದ್ದರೆ ಕಿವಿಯ ಮೇಲಿನ ಕೂದಲನ್ನಷ್ಟೇ ನರೆಸಿದರೆ ಸಾಕು. ಅದಕ್ಕೂ ಪುಡಿ ಬೇಡ. ತಿಳಿ ಬೂದು ಬಣ್ಣದ ಗ್ರೀಸ್‌ಪೇಂಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆಎಳೆಯಾಗಿ ತೀಡಿದರೆ ಮಗಳ ಬುರ್ಖಾಕ್ಕೆ ಏನೂ ಉದುರುವುದಿಲ್ಲ.

ಮುಖಕ್ಕೆ ಉಳಿದದ್ದು ಅಲ್ಪ ಕೆಲಸ. ನಾನು ನೋಡಿದ ತಂದೆಯ ಹಣೆಯ ಮೇಲೆ ಮೂರು ಕಪ್ಪು ಗೆರೆಗಳಿದ್ದವು. ಸುಕ್ಕು ಗೆರೆಯಲ್ಲ, ಅದು ಚರ್ಮದ ಮಡಿಕೆ. ಮಡಿಕೆಗೆ ಒಂದು ತಗ್ಗು, ಪಕ್ಕದಲ್ಲೊಂದು ಉಬ್ಬು ಇರುತ್ತದೆ. ತಗ್ಗಿಗೆ ನಟನ ಮೈಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಕಂದು, ಉಬ್ಬಿಗೆ ಎರಡು ಛಾಯೆ ತಿಳಿಯಾದ ಕಂದು ಹಚ್ಚಿ, ಎರಡರ ಹೊರ ಅಂಚುಗಳನ್ನು ಬೆರಳಿನಿಂದ ಕರಗಿಸಬೇಕು. ಕಪ್ಪು ಮತ್ತು ಬಿಳಿಯನ್ನು ನಮ್ಮ ಕಂದು ಚರ್ಮದ ಮೇಲೆ ಹಚ್ಚಿದರೆ ಮುಖ ಬೂದಿ ಬಳಿದಂತಾಗುತ್ತದೆ. ಕಣ್ಣಿನ ಕೆಳಗೆ, ಕೆನ್ನೆಯ ಗುಳಿಯಲ್ಲಿ, ಮೂಗಿನಿಂದ ಬಾಯಿಗಿಳಿಯುವ ಮಡಿಕೆಯಲ್ಲಿ ಇಷ್ಟು ಮಾಡಿದರೆ ಸಾಕು. ಮರೆಯಬಾರದ್ದು ಕೈಗಳನ್ನು. ಆ ರಾತ್ರಿ ಮಗಳ ತಲೆ ಸವರಿದ ಕೈ ನುಣುಪಾದ ಹುಡುಗನ ಕೈಯಾಗಿತ್ತು. ಒಬ್ಬರು ಗಡ್ಡ ಅಂಟಿಸುವಾಗ ಇನ್ನೊಬ್ಬರು ಕೈಯ ನರಗಳ ನಡುವಿನ ತಗ್ಗುಗಳಿಗೆ ಗಾಢ ಬಣ್ಣ ತುಂಬಬಹುದಿತ್ತು.

ಇದೆಲ್ಲ ಸರಿಯಾಗಿದೆಯೇ ಎಂದು ಕನ್ನಡಿ ಹೇಳುವುದಿಲ್ಲ. ಪ್ರದರ್ಶನದ ದೀಪಗಳನ್ನೇ ಹಚ್ಚಿ ಕೊನೆಯ ಸಾಲಿನಲ್ಲಿ ಕುಳಿತು ನೋಡಬೇಕು. ಕೆಂಪು ಅಥವಾ ಕಿತ್ತಳೆ ಬೆಳಕಿನಲ್ಲಿ ಕೆಂಪುಗಂದಿನ ನೆರಳೆಲ್ಲ ಅಳಿಸಿಹೋಗಿ ನಟ ಮತ್ತೆ ಹುಡುಗನಾಗುತ್ತಾನೆ. ವೇಷ ಬದಲಾವಣೆಯನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡಬೇಕು. ಮೂರು ನಿಮಿಷದಲ್ಲಿ ಮುಗಿಯದಿದ್ದರೆ ಪಟ್ಟಿಯಿಂದ ಮೊದಲು ಕೈಬಿಡಬೇಕಾದದ್ದು ಮುಖದ ಬಣ್ಣ, ಶರ್ಟನ್ನಲ್ಲ.

ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಕುಳಿತವನಿಗೆ ಹುಡುಗನ ಕಣ್ಣು ಹುಡುಗನದೇ. ಅವನು ಅದನ್ನು ಕ್ಷಮಿಸಲು ಸಿದ್ಧನಿರುತ್ತಾನೆ, ವೈಲ್ಡರನ ಪ್ರೇಕ್ಷಕ ವಿಗ್ಗನ್ನು ಒಪ್ಪಿಕೊಂಡ ಹಾಗೆ. ಆ ರಾತ್ರಿ ನಕ್ಕವರೂ ಕ್ಷಮಿಸಲು ಸಿದ್ಧರಾಗಿಯೇ ಬಂದಿದ್ದರು. ಅವರಲ್ಲಿ ಅನೇಕರ ತಂದೆಯರು ಅಂಥದೇ ಸಡಿಲ ಶರ್ಟು ತೊಟ್ಟು, ಅಂಥದೇ ಕೆಂಪು ಗಡ್ಡದಲ್ಲಿ ವಿಮಾನ ನಿಲ್ದಾಣದ ಬಾಗಿಲು ದಾಟಿ ಬಂದವರು. ಅವರನ್ನು ರಂಗದ ಮೇಲೆ ಕಾಣಲು ಬಂದವರಿಗೆ ಸಿಕ್ಕಿದ್ದು ಪೌಡರು.