‘oota aytha’ ಎಂಬುದಕ್ಕೆ ಯಾವ ಲಿಪಿಯಲ್ಲಿ ಮರುನುಡಿ? : ಲಿಪಿ ಹೊಂದಾಣಿಕೆಯ ವಾದದ ವಿಮರ್ಶೆ

ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡದ ಕುಶಲಪ್ರಶ್ನೆಗೆ ಯಾವ ಲಿಪಿಯಲ್ಲಿ ಉತ್ತರಿಸಬೇಕು ಎಂಬುದಕ್ಕೆ ಎರಡು ಸಿದ್ಧ ನಿಲುವುಗಳಿವೆ. ಕನ್ನಡಕ್ಕೆ ಕನ್ನಡ ಲಿಪಿಯೇ ಸಲ್ಲಬೇಕು, ಉತ್ತರವೇ ತಿದ್ದುಪಡಿಯೂ ಆಗಲಿ ಎಂಬುದು ಮೊದಲನೆಯದು. ಕೇಳಿದವರ ಲಿಪಿಯಲ್ಲೇ ಉತ್ತರಿಸುವುದು ಸೌಜನ್ಯ, ಲಿಪಿಯನ್ನು ಬದಲಿಸುವುದು ದೂರವನ್ನು ಸೂಚಿಸುತ್ತದೆ ಎಂಬುದು ಎರಡನೆಯದು. ಪರಸ್ಪರ ವಿರುದ್ಧವಾಗಿ ಕಾಣುವ ಈ ನಿಲುವುಗಳ ಕೆಳಗೆ ಒಂದೇ ಗೃಹೀತವಿದೆ: ಕಳುಹಿಸಿದವರ ಲಿಪಿಯು ಅವರ ಆಯ್ಕೆಯನ್ನು ನೇರವಾಗಿ ತಿಳಿಸುತ್ತದೆ ಎಂಬುದು. ಈ ಗೃಹೀತವು ನಿಲ್ಲುವುದಿಲ್ಲ ಎಂಬುದು ನಮ್ಮ ವಾದ.

1. ನಿದರ್ಶನ

ನೆಲಮಂಗಲ ತಾಲ್ಲೂಕಿನ ಸೋಂಪುರವನ್ನು ತೆಗೆದುಕೊಳ್ಳೋಣ. ದಾಬಸ್‌ಪೇಟೆಗೆ ಹೊಂದಿಕೊಂಡ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಸುತ್ತಲಿನ ಹಳ್ಳಿಯವರೂ ಹೊರಗಿನಿಂದ ಬಂದು ನೆಲೆಸಿದವರೂ ಒಟ್ಟಿಗೆ ದುಡಿಯುತ್ತಾರೆ. ಇಂಥ ಕಡೆ ಕನ್ನಡವನ್ನು ಮಾತನಾಡಬಲ್ಲವರೆಲ್ಲರೂ ಕನ್ನಡವನ್ನು ಓದಬಲ್ಲವರೆಂದು ಊಹಿಸುವಂತಿಲ್ಲ. ಕಿರಿಯ ಕೆಲಸಗಾರನೊಬ್ಬ ಹಿರಿಯ ಸಹೋದ್ಯೋಗಿಗೆ ಹೀಗೆ ಬರೆಯುತ್ತಾನೆ ಎಂದಿಟ್ಟುಕೊಳ್ಳೋಣ. ನಿದರ್ಶನವು ಪರಿಶೀಲನೆಗಾಗಿ ನಾವೇ ರಚಿಸಿಕೊಂಡದ್ದು.

```
anna oota aytha
```

ಊಟದ ವಿಚಾರಣೆಯೇ ಕನ್ನಡದಲ್ಲಿ ಕುಶಲಪ್ರಶ್ನೆ. ಮಾಲಿನೋವ್‌ಸ್ಕಿ 1923ರಲ್ಲಿ ಗುರುತಿಸಿದ, ಮಾಹಿತಿಗಿಂತ ಸಂಬಂಧವನ್ನು ಕಾಯುವ ಮಾತಿನ ಬಗೆಗೆ ಇದು ಸೇರುತ್ತದೆ. ಇಲ್ಲಿನ ಕಾಗುಣಿತವೂ ಗಮನಾರ್ಹ. ‘oota’ದಲ್ಲಿ ಊಕಾರಕ್ಕೆ ಇಂಗ್ಲಿಷಿನ ‘oo’ ಬಂದಿದೆ. ‘aytha’ದ ‘th’ ಮಹಾಪ್ರಾಣವಲ್ಲ, ದಂತ್ಯ ತಕಾರ. ಮೂರ್ಧನ್ಯ ಟಕಾರಕ್ಕೆ ಬರಿಯ ‘t’ ಮೀಸಲಾಗಿದೆ. ಎಂದರೆ ಇದು ಇಂಗ್ಲಿಷ್ ಕಾಗುಣಿತದ ನಕಲಲ್ಲ. ಯಾರೂ ಪಾಠ ಹೇಳದೆ ಬಳಕೆಯಿಂದಲೇ ಮೂಡಿದ ಒಂದು ರೂಢಿ. ರೂಢಿ ಸಡಿಲವಾಗಿರುವುದರಿಂದ ‘uta aita’ ಎಂದು ಬರೆಯುವವರೂ ಇರುತ್ತಾರೆ.

2. ಒತ್ತುವ ಕೀಲಿ, ಕಾಣುವ ಲಿಪಿ, ಓದುವ ಸಾಮರ್ಥ್ಯ

ಈ ರೂಢಿಗೆ ಭಾಷಾಭಿಮಾನದ ಕೊರತೆಯನ್ನು ಕಾರಣವಾಗಿ ಹೇಳುವುದು ಅವಸರದ ತೀರ್ಮಾನ. ಮೊಬೈಲಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ ರೋಮನ್ ಅಕ್ಷರಗಳಾದರೆ 160 ಹಿಡಿಯುತ್ತಿದ್ದವು. ಯೂನಿಕೋಡ್ ಕನ್ನಡವಾದರೆ 70 ಸಂಕೇತಗಳು ಮಾತ್ರ. ಒಂದು ಗುಣಿತಾಕ್ಷರಕ್ಕೆ ಎರಡು, ಒತ್ತಕ್ಷರಕ್ಕೆ ಕನಿಷ್ಠ ಮೂರು ಸಂಕೇತಗಳು ಬೇಕಾಗುವುದರಿಂದ ಕನ್ನಡಕ್ಕೆ ದಕ್ಕುತ್ತಿದ್ದ ಜಾಗ ಇನ್ನೂ ಕಡಿಮೆ. ಈ ಅಡ್ಡಿ ಇಂದು ಹೆಚ್ಚುಕಡಿಮೆ ತೀರಿದೆ, ಆದರೆ ಬೆರಳಿನ ಅಭ್ಯಾಸ ಉಳಿದಿದೆ. ಇನ್ನೊಂದೆಡೆ, ‘oota’ ಎಂದು ಒತ್ತಿದರೆ ‘ಊಟ’ ಎಂದು ಮೂಡಿಸುವ ಕೀಲಿಮಣೆಗಳು ಬಂದಿವೆ. ಆದ್ದರಿಂದ ತೆರೆಯ ಮೇಲೆ ಕನ್ನಡ ಲಿಪಿ ಕಂಡಿತೆಂದ ಮಾತ್ರಕ್ಕೆ ಬರೆದವರು ಕನ್ನಡದ ಕೀಲಿಗಳನ್ನು ಒತ್ತಿದರೆಂದು ಹೇಳಲಾಗದು.

ಹೀಗೆ ‘ಲಿಪಿ’ ಎಂಬ ಒಂದೇ ಪದದ ಒಳಗೆ ಒತ್ತುವ ಕೀಲಿ, ಕಾಣುವ ಲಿಪಿ, ಓದುವ ಸಾಮರ್ಥ್ಯ ಎಂಬ ಮೂರು ಸಂಗತಿಗಳು ಸೇರಿಕೊಂಡಿವೆ. ರೋಮನ್ ಲಿಪಿಯ ಸಂದೇಶದಲ್ಲಿ ನಮಗೆ ಗೋಚರಿಸುವುದು ಎರಡನೆಯದು ಮಾತ್ರ. ಉತ್ತರಿಸುವವರಿಗೆ ತಿಳಿಯಬೇಕಾದದ್ದು ಮೂರನೆಯದು. ‘oota aytha’ ಎಂದು ಬರೆದವನು ಪ್ರತಿದಿನ ಕನ್ನಡ ಪತ್ರಿಕೆ ಓದುವವನೂ ಆಗಿರಬಹುದು, ಕೇಳಿ ಕಲಿತ ಕನ್ನಡವನ್ನು ಎಂದೂ ಓದದವನೂ ಆಗಿರಬಹುದು.

ಹೊವರ್ಡ್ ಜೈಲ್ಸ್ 1973ರಿಂದ ಬೆಳೆಸಿದ ಹೊಂದಾಣಿಕೆ ಸಿದ್ಧಾಂತವನ್ನು ಲಿಪಿಗೆ ಹಾಗೆಯೇ ಅನ್ವಯಿಸುವಲ್ಲಿ ತೊಡಕುಂಟಾಗುವುದು ಇಲ್ಲಿಯೇ. ಅದರ ಮೂಲ ಸಾಮಗ್ರಿ ಮಾತಿನ ಉಚ್ಚಾರಣೆ. ಒಬ್ಬರು ಆಡುವ ಉಚ್ಚಾರಣೆಯನ್ನು ಅವರು ಕೇಳಿ ಗ್ರಹಿಸಬಲ್ಲರೆಂಬುದು ಅಲ್ಲಿ ಸಹಜವಾದ ಊಹೆ. ಬರವಣಿಗೆಯಲ್ಲಿ ಒಬ್ಬರು ಬಳಸದೇ ಇರುವ ಲಿಪಿಯೇ ಅವರಿಗೆ ಓದಲು ಹೆಚ್ಚು ಸುಲಭವಾಗಿರುವ ಸಾಧ್ಯತೆಯಿದೆ.

3. ಹೊಂದಾಣಿಕೆ ನಡೆಯುವ ನೆಲೆ

ಹಿರಿಯನಿಗೆ ಕನಿಷ್ಠ ನಾಲ್ಕು ಉತ್ತರಗಳು ಲಭ್ಯವಿವೆ.

```
aythappa, nindu?
ಆಯ್ತಪ್ಪ, ನಿಂದು?
aayithu, ninnadu aayithe?
ಆಯಿತು, ನಿನ್ನದು ಆಯಿತೇ?
```

ಲಿಪಿಯ ಸಾಮ್ಯವೇ ಸೌಜನ್ಯದ ಅಳತೆಯಾಗಿದ್ದರೆ ಮೊದಲನೆಯದೂ ಮೂರನೆಯದೂ ಸಮಾನವಾಗಿ ಆಪ್ತವೆನಿಸಬೇಕಿತ್ತು. ಮೂರನೆಯದು ಹಾಗೆನಿಸುವುದಿಲ್ಲ. ‘ಅಣ್ಣ’ ಎಂದು ಕರೆದವನಿಗೆ ‘ಅಪ್ಪ’ ಎಂಬ ವಾತ್ಸಲ್ಯದ ಪ್ರತ್ಯಯವಿಲ್ಲದೆ, ಗ್ರಾಂಥಿಕ ರೂಪದಲ್ಲಿ ಬಂದ ಉತ್ತರ ಅದು. ಎರಡನೆಯದು ಲಿಪಿಯನ್ನು ಬದಲಿಸಿಯೂ ಆಡುರೂಪವನ್ನು ಕಾದುಕೊಂಡಿದೆ; ಆದುದರಿಂದ ಅದರ ಆಪ್ತತೆ ಕುಂದುವುದಿಲ್ಲ.

ಹಾಗಿದ್ದರೆ ಕನ್ನಡ ಲಿಪಿಯ ಉತ್ತರವು ಬಿಗುವಾಗಿ ಕಾಣುತ್ತದೆ ಎಂಬ ಅನಿಸಿಕೆ ಎಲ್ಲಿಂದ ಬಂತು? ಶಾಲೆಯಲ್ಲಿ ಕನ್ನಡ ಲಿಪಿಯೊಡನೆ ನಾವು ಕಲಿಯುವುದು ‘ಆಯಿತು’ ಎಂಬ ರೂಪವನ್ನು, ‘ಆಯ್ತು’ ಎಂಬುದನ್ನಲ್ಲ. ಲಿಪಿ ಬದಲಾದೊಡನೆ ಬರೆಯುವವರು ತಮಗರಿವಿಲ್ಲದೆ ರೂಪವನ್ನೂ ಬದಲಿಸಿಬಿಡುತ್ತಾರೆ. ಫರ್ಗ್ಯುಸನ್ 1959ರಲ್ಲಿ ವಿವರಿಸಿದ ಮೇಲ್‌ನುಡಿ ಮತ್ತು ಕೆಳನುಡಿಗಳ ಹಂಚಿಕೆ ಹೀಗೆ ಲಿಪಿಗೆ ಅಂಟಿಕೊಳ್ಳುತ್ತದೆ. ದೂರವನ್ನು ಉಂಟುಮಾಡಿದ್ದು ರೂಪ. ದೂರು ಮಾತ್ರ ಲಿಪಿಯ ಮೇಲೆ.

4. ಕುಶಲಪ್ರಶ್ನೆ ಮುಗಿದ ಮೇಲೆ

ರೋಮನ್ ಲಿಪಿಗೆ ಕನ್ನಡವನ್ನು ಹಿಡಿಯುವ ಶಕ್ತಿಯೇ ಇಲ್ಲವೆನ್ನಲಾಗದು. ಕಿಟೆಲ್ಲರ 1894ರ ನಿಘಂಟು ಕನ್ನಡ ಲಿಪಿಯ ಪದದ ಪಕ್ಕದಲ್ಲೇ ಚಿಹ್ನೆಗಳುಳ್ಳ ರೋಮನ್ ರೂಪವನ್ನು ಕೊಡುತ್ತದೆ. ಅಲ್ಲಿ ಯಾವ ವ್ಯತ್ಯಾಸವೂ ಕಳೆಯುವುದಿಲ್ಲ. ಚಿಹ್ನೆಗಳಿಲ್ಲದ ದಿನಬಳಕೆಯ ರೂಪದಲ್ಲಿ ಹ್ರಸ್ವ-ದೀರ್ಘಗಳೂ ಲ-ಳಗಳೂ ಬೆರೆಯುತ್ತವೆ. ‘kalu’ ಎಂಬುದು ಕಾಲೂ ಹೌದು, ಕಾಳೂ ಹೌದು. ಕುಶಲಪ್ರಶ್ನೆಯಲ್ಲಿ ಇದರಿಂದ ನಷ್ಟವಿಲ್ಲ; ಅದರ ಉತ್ತರ ಮೊದಲೇ ಗೊತ್ತಿರುವ ಸೂತ್ರ. ನಷ್ಟ ಶುರುವಾಗುವುದು ಮುಂದಿನ ಸರದಿಯಲ್ಲಿ.

```
naale barthira
```

ಇದನ್ನು ‘ನಾಳೆ ಬರ್ತೀರಾ’ ಎಂದು ಓದಿದರೆ ಪ್ರಶ್ನೆ. ‘ನಾಳೆ ಬರ್ತೀರ’ ಎಂದು ಓದಿದರೆ ಬರುವುದು ನಿಶ್ಚಯವೆಂಬ ಹೇಳಿಕೆ. ಬೆಂಗಳೂರು ಸೀಮೆಯ ಆಡುನುಡಿಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕೊನೆಯ ಸ್ವರದ ದೀರ್ಘ ಮತ್ತು ದನಿಯ ಏರಿಳಿತ. ಈ ಬರಹದಲ್ಲಿ ಎರಡೂ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ‘ಸರಿ’ ಎಂಬ ಉತ್ತರ ಬಂದರೆ ಅದು ಒಪ್ಪಿಗೆಯೋ, ಆಜ್ಞೆಯ ಸ್ವೀಕಾರವೋ ತಿಳಿಯದು. ಕನ್ನಡ ಲಿಪಿಯಲ್ಲಿ ಒಂದು ದೀರ್ಘವೇ ಈ ಗೊಂದಲವನ್ನು ನೀಗುತ್ತದೆ.

5. ಫಲಿತ

ಎರಡು ಬಗೆಯ ತಪ್ಪುಗಳ ಬೆಲೆ ಸಮವಲ್ಲ. ಕನ್ನಡ ಓದಲಾರದವರಿಗೆ ಕನ್ನಡ ಲಿಪಿಯಲ್ಲಿ ಉತ್ತರಿಸಿದರೆ ಕುಶಲವಿಚಾರಣೆಯೇ ಮುರಿಯುತ್ತದೆ. ಓದಬಲ್ಲವರಿಗೆ ರೋಮನ್ ಲಿಪಿಯಲ್ಲಿ ‘aythappa’ ಎಂದರೆ ಏನೂ ಕೆಡುವುದಿಲ್ಲ. ಆದ್ದರಿಂದ ಎದುರಿನವರ ಓದಿನ ಬಗ್ಗೆ ಏನೂ ತಿಳಿಯದಿರುವಾಗ ಮೊದಲ ಉತ್ತರ ಅದೇ ಲಿಪಿಯಲ್ಲಿ ಇರುವುದು ಸೂಕ್ತ. ಅದು ಸೌಜನ್ಯಕ್ಕಿಂತ ಹೆಚ್ಚಾಗಿ ಎಚ್ಚರಿಕೆ. ಓದಬಲ್ಲರೆಂದು ತಿಳಿದಿದ್ದರೆ ಆಡುರೂಪವನ್ನು ಉಳಿಸಿಕೊಂಡು ಕನ್ನಡ ಲಿಪಿಯಲ್ಲಿ ಉತ್ತರಿಸಲು ಯಾವ ಅಡ್ಡಿಯೂ ಇಲ್ಲ. ವಿಷಯಕ್ಕೆ ಇಳಿದ ಮೇಲಂತೂ ಅದೇ ಲೇಸು. ರೋಮನ್ ಲಿಪಿಯಲ್ಲೇ ಮುಂದುವರಿಯಬೇಕಾದಲ್ಲಿ ‘barthiraa?’ ಎಂದು ದೀರ್ಘವನ್ನೂ ಚಿಹ್ನೆಯನ್ನೂ ತೋರಿಸಬೇಕು.

ಇಂಥ ಸಂದೇಶಗಳನ್ನು ಸಂಗ್ರಹಿಸುವ ಸಂಶೋಧಕರಿಗೆ ಇದರಿಂದ ಹೊರಡುವ ಸೂಚನೆ ಸ್ಪಷ್ಟ. ‘ಲಿಪಿ ಹೊಂದಿತು’, ‘ಹೊಂದಲಿಲ್ಲ’ ಎಂಬ ಒಂದೇ ಅಂಕಣ ಸಾಲದು. ಕಾಣುವ ಲಿಪಿಯನ್ನೂ ನುಡಿರೂಪವನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಒತ್ತಿದ ಕೀಲಿಯನ್ನು ಸಂದೇಶದಿಂದ ಊಹಿಸದೆ ಬರೆದವರನ್ನೇ ಕೇಳಬೇಕು. ಷೆಗ್ಲಾಫ್ ಮತ್ತು ಸ್ಯಾಕ್ಸ್ 1973ರಲ್ಲಿ ವಿವರಿಸಿದ ಜೋಡಿ ಸರದಿಗಳಲ್ಲಿ ಪ್ರಶ್ನೆ ಮತ್ತು ಉತ್ತರಗಳಿಗೆ ವಿಶ್ಲೇಷಣೆಯನ್ನು ನಿಲ್ಲಿಸದೆ ಮೂರನೆಯ ಸರದಿಯನ್ನೂ ನೋಡಬೇಕು. ಉತ್ತರದ ಲಿಪಿ ತಕ್ಕದ್ದಾಗಿತ್ತೇ ಎಂಬುದಕ್ಕೆ ಸಾಕ್ಷ್ಯ ಸಿಗುವುದು, ಅದನ್ನು ಪಡೆದವರು ಮುಂದೆ ಏನು ಬರೆದರು ಎಂಬುದರಲ್ಲಿ.