ಏಳು ಬಾರಿ ನೆನಪಿಸಿದರೆ ತುಕ್ಕು ಹೋಗುವುದಿಲ್ಲ

ಗುರುತು ಪರಿಚಯವಿಲ್ಲದ ಕಾರ್ಖಾನೆಗೆ ಇಮೇಲ್ ಬರೆದು ಗಿರಾಕಿ ಗಳಿಸುವುದನ್ನು ಕಲಿಸುವವರೆಲ್ಲ ಈಗ ಒಂದೇ ಪಾಠ ಒಪ್ಪಿಸುತ್ತಾರೆ. ಪತ್ರ ಐದಾರು ಸಾಲು ಮೀರಬಾರದು. ವಿಷಯದ ಸಾಲು ಕುತೂಹಲ ಕೆರಳಿಸಬೇಕು. ‘ನಿಮ್ಮ ಪ್ಯಾಕಿಂಗ್ ಖರ್ಚು ಶೇಕಡಾ 10 ಇಳಿಸುತ್ತೇವೆ’ ಎಂಬಂಥ ಲಾಭದ ಮಾತು ಮೊದಲಿಗೇ ಬರಬೇಕು. ಕೊನೆಗೆ ಹದಿನೈದು ನಿಮಿಷದ ಮಾತುಕತೆ ಕೇಳಬೇಕು. ಉತ್ತರ ಬಾರದಿದ್ದರೆ ಮೂರನೇ ದಿನ, ಏಳನೇ ದಿನ, ಹನ್ನೊಂದನೇ ದಿನ ನೆನಪಿಸುತ್ತ ಹೋಗಿ, ಏಳನೆಯದರಲ್ಲಿ ‘ಇದೇ ನನ್ನ ಕೊನೆಯ ಪತ್ರ’ ಎನ್ನಬೇಕು. ಪ್ಯಾಕಿಂಗ್ ಸಾಮಾನು ಮಾರುವ ಹುಡುಗರೂ ಇದನ್ನೇ ಬಾಯಿಪಾಠ ಮಾಡಿಕೊಂಡು ಪೀಣ್ಯದ ಶೆಡ್ಡುಗಳಿಗೆ ಪತ್ರ ಕಳಿಸುತ್ತಿದ್ದಾರೆ. ಸಣ್ಣ ಕಾರ್ಖಾನೆಯ ಮಟ್ಟಿಗೆ ಈ ಪಾಠ ಬಹುಪಾಲು ತಪ್ಪು, ಅದರಿಂದ ಒಳ್ಳೆಯ ಮಾಲು ಮಾಡುವವರಿಗೇ ಹೆಚ್ಚು ನಷ್ಟ ಎಂಬುದು ನನ್ನ ವಾದ.

ಒಂದು ಕಾರ್ಖಾನೆಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ನಲವತ್ತು ಜನ ಕೆಲಸಕ್ಕಿದ್ದಾರೆ. ಉಕ್ಕಿನ ಶಾಫ್ಟುಗಳನ್ನು ಟರ್ನಿಂಗ್, ಗ್ರೈಂಡಿಂಗ್ ಮಾಡಿ ಪುಣೆಗೂ ಚೆನ್ನೈಗೂ ಕಳಿಸುತ್ತಾರೆ. ಪರ್ಚೇಸ್ ನೋಡುವುದು ಮಾಲೀಕರೇ, ಕ್ವಾಲಿಟಿಯ ದೂರು ಬಂದರೆ ಗಿರಾಕಿಗೆ ಉತ್ತರ ಹೇಳುವುದೂ ಅವರೇ. ತಿಂಗಳ ಪ್ಯಾಕಿಂಗ್ ಬಿಲ್ಲು 60,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 10 ಉಳಿದರೆ ಕೈಗೆ ಬರುವುದು 6,000. ಅಷ್ಟಕ್ಕಾಗಿ ಅವರು ಬಿಡಬೇಕಾಗಿರುವುದು ಯಾರನ್ನು? ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಬೆಳಿಗ್ಗೆ ಟೆಂಪೊದಲ್ಲಿ ಪೆಟ್ಟಿಗೆ ಇಳಿಸುವ, ದುಡ್ಡು ತಡವಾದರೂ ಮುಖ ಗಂಟಿಕ್ಕದ ಹಳೆಯ ಸರಬರಾಜುದಾರನನ್ನು. ಪೆಟ್ಟಿಗೆ ಒಂದು ದಿನ ತಡವಾದರೆ ಡಿಸ್ಪ್ಯಾಚ್ ನಿಲ್ಲುತ್ತದೆ. ಹಾಗಾಗಿ ಶೇಕಡಾ 10ರ ಮಾತಿಗೆ ಅವರು ಉತ್ತರ ಬರೆಯದಿರುವುದು ಉದಾಸೀನದಿಂದಲ್ಲ, ಸರಿಯಾದ ಲೆಕ್ಕದಿಂದ. ಲೆಕ್ಕ ಮಾಡಿ ಬೇಡವೆಂದವರಿಗೆ ಅದನ್ನೇ ಏಳು ಸಲ ಹೇಳಿದರೆ ಲೆಕ್ಕ ಬದಲಾಗದು.

ಅದೇ ಶಾಫ್ಟು ಜುಲೈನಲ್ಲಿ ತುಕ್ಕು ಹಿಡಿದು ಪುಣೆಯಿಂದ ವಾಪಸು ಬಂತು ಎನ್ನಿ. ಒಂದಕ್ಕೆ 180 ರೂಪಾಯಿಯಂತೆ 400 ಶಾಫ್ಟಿನ ಲಾಟು ರಿಜೆಕ್ಟ್ ಆದರೆ ಡೆಬಿಟ್ ನೋಟ್ 72,000ದ್ದು. ಹೋಗಿಬರುವ ಲಾರಿ ಬಾಡಿಗೆ, ಮತ್ತೆ ಪಾಲಿಶ್ ಮಾಡುವ ಕೂಲಿ ಬೇರೆ. ಅಳತೆ ಮೈಕ್ರಾನ್ ಲೆಕ್ಕದಲ್ಲಿ ಇರಬೇಕಾದ ಕಡೆ ಪಾಲಿಶ್ ಮಾಡಿದರೆ ಪಾರ್ಟೇ ಹೋಯಿತು. ಇಡೀ ವರ್ಷ ಪೆಟ್ಟಿಗೆಯ ದರದಲ್ಲಿ ಉಳಿಸಿದ್ದು ಒಂದು ಲಾಟಿನಲ್ಲಿ ಕೊಚ್ಚಿಹೋಗುತ್ತದೆ. ಪತ್ರ ಹಿಡಿಯಬೇಕಾದ ಎಳೆ ಇದು. ಇದನ್ನು ಐದು ಸಾಲಿನಲ್ಲಿ ಹಿಡಿಯಲು ಬರುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ತನ್ನ ಪಾರ್ಟಿನ ಬಗ್ಗೆ ಬರೆದದ್ದನ್ನು ಮಾಲೀಕ ಒಂದು ಪುಟವಾದರೂ ಓದುತ್ತಾನೆ. ಬರೆದವನ ಬಗ್ಗೆ ಬರೆದದ್ದನ್ನು ಎರಡು ಸಾಲೂ ಓದುವುದಿಲ್ಲ.

ನಾನು ಬರೆಯುವುದಾದರೆ ಮೊದಲ ಪತ್ರ ಹೀಗಿರುತ್ತದೆ. ವಿಷಯದ ಸಾಲು: ‘ಗ್ರೈಂಡ್ ಮಾಡಿದ ಶಾಫ್ಟುಗಳಿಗೆ ಮಳೆಗಾಲದಲ್ಲಿ ತುಕ್ಕು: ಕಾರಣ ಗುರುತಿಸುವ ಬಗೆ’.

‘ಮಾನ್ಯರೆ, ನಾವು ನೆಲಮಂಗಲದ ಹತ್ತಿರ ವಿಸಿಐ ಚೀಲ, ಹಾಳೆ ಮತ್ತು ರಟ್ಟಿನ ಪೆಟ್ಟಿಗೆ ತಯಾರಿಸುತ್ತೇವೆ. ನಿಮ್ಮ ವೆಬ್‌ಸೈಟಿನಲ್ಲಿ ಗ್ರೈಂಡ್ ಮಾಡಿದ ಶಾಫ್ಟುಗಳ ಚಿತ್ರ ನೋಡಿ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ತುಕ್ಕಿನ ದೂರು ನಿಮಗೆ ಬಂದಿಲ್ಲವಾದರೆ ಈ ಪತ್ರವನ್ನು ಇಲ್ಲಿಗೇ ಬಿಡಬಹುದು. ಬಂದಿದ್ದರೆ, ವಾಪಸಾದ ಪಾರ್ಟನ್ನು ಒರೆಸುವ ಮೊದಲು ತುಕ್ಕಿನ ಆಕಾರ ನೋಡಿ. ಬೆರಳಚ್ಚಿನಂತಿದ್ದರೆ ಅದು ಬರಿಗೈಯ ಬೆವರಿನ ಉಪ್ಪು. ಚೀಲ ಬದಲಿಸಿದರೆ ಅದು ಹೋಗದು, ಪ್ಯಾಕಿಂಗ್ ಮಾಡುವವರಿಗೆ ಕೈಗವಸು ಬೇಕು. ರಟ್ಟು ಅಥವಾ ಮರ ತಾಗಿದ ಕಡೆ ಗೆರೆಯಾಗಿ ಬಂದಿದ್ದರೆ ಆ ರಟ್ಟು, ಮರ ತೇವ ಹಿಡಿದಿದೆ. ಚೀಲದ ತಳದಲ್ಲಿ ನೀರು ನಿಂತಂತೆ ಕಲೆಯಿದ್ದರೆ ತೊಳೆದ ಪಾರ್ಟು ಪೂರ್ತಿ ಒಣಗಿ ತಣಿಯುವ ಮೊದಲೇ ಮುಚ್ಚಿದ್ದಾರೆ. ಮೈತುಂಬ ಒಂದೇ ಸಮ ಇದ್ದರೆ ಚೀಲದ ಬಾಯಿ ಸರಿಯಾಗಿ ಮುಚ್ಚಿಲ್ಲ, ಅಥವಾ ಚೀಲದ ಕಸುವು ಮೊದಲೇ ಆರಿಹೋಗಿದೆ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ನಮ್ಮ ಮಾಲು ಸಹಾಯ ಮಾಡಬಲ್ಲದು. ತುಕ್ಕು ಹಿಡಿದ ಪಾರ್ಟಿನ ಒಂದು ಫೋಟೊ ಇದೇ ಇಮೇಲಿಗೆ ಕಳಿಸಿದರೆ ಯಾವುದೆಂದು ನನಗೆ ತೋರಿದ್ದನ್ನು ಬರೆದು ತಿಳಿಸುತ್ತೇನೆ.’

ಈ ಪತ್ರದಲ್ಲಿ ರೂಢಿಯ ಪಾಠಕ್ಕೆ ವಿರುದ್ಧವಾದದ್ದು ಎಷ್ಟೋ ಇದೆ. ದರವಿಲ್ಲ, ಹದಿನೈದು ನಿಮಿಷದ ಬೇಡಿಕೆಯಿಲ್ಲ, ನಾಲ್ಕು ಕಾರಣಗಳಲ್ಲಿ ಎರಡಕ್ಕೆ ತನ್ನ ಮಾಲು ಮದ್ದಲ್ಲವೆಂದು ಮಾರುವವನೇ ಬರೆದುಕೊಟ್ಟಿದ್ದಾನೆ. ಪತ್ರಕ್ಕೆ ಬಲ ಬರುವುದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ. ಓದುವವರು ಅದನ್ನು ಯಾರ ಮಾತನ್ನೂ ನಂಬದೆ ತಮ್ಮ ಶೆಡ್ಡಿನಲ್ಲೇ ಪರೀಕ್ಷಿಸಬಹುದು: ಮೂಲೆಯಲ್ಲಿ ಬಿದ್ದಿರುವ ರಿಜೆಕ್ಟ್ ಪಾರ್ಟು ಎತ್ತಿ ನೋಡಿದರೆ ಸಾಕು. ಇನ್ನೊಂದು ಅನುಕೂಲವಿದೆ. ಕಂಪನಿಯ ಹೆಸರಿನ ಇಮೇಲನ್ನು ಎಷ್ಟೋ ಕಡೆ ಮೊದಲು ತೆರೆಯುವುದು ಅಕೌಂಟ್ಸ್ ನೋಡುವವರು. ‘ಒಂದು ಚಿಕ್ಕ ಪ್ರಶ್ನೆ’ ಎಂಬ ವಿಷಯದ ಸಾಲನ್ನು ಅವರು ಯಾರಿಗೆ ತಾನೆ ದಾಟಿಸಿಯಾರು? ‘ಶಾಫ್ಟಿಗೆ ತುಕ್ಕು’ ಎಂದಿದ್ದರೆ ಕ್ವಾಲಿಟಿಯವರಿಗೆ ಕಳಿಸಬೇಕೆಂದು ಅವರಿಗೂ ಹೊಳೆಯುತ್ತದೆ. ಇನ್ನು, ಹಿಂದೆಂದೋ ಮಾತುಕತೆ ನಡೆದಿತ್ತೆಂದು ತೋರಿಸಲು ವಿಷಯದ ಸಾಲಿನ ಮುಂದೆ ಸುಳ್ಳು ‘ರಿ’ ಸೇರಿಸುವುದನ್ನು ಕಲಿಸುವವರೂ ಇದ್ದಾರೆ. ಅದು ಮೋಸ. ಮೋಸದಿಂದ ತೆರೆಸಿದ ಪತ್ರದಲ್ಲಿ ಪ್ಯಾಕಿಂಗಿನ ಭರವಸೆ ಬರೆದರೆ ಯಾರು ನಂಬಬೇಕು?

ನೆನಪಿಸುವ ಪತ್ರಗಳ ವಿಷಯಕ್ಕೆ ಬರೋಣ. ಒಂದೇ ಪತ್ರ ಬರೆದು ಸುಮ್ಮನಾಗಬಾರದು ಎಂಬಷ್ಟರಲ್ಲಿ ರೂಢಿಯ ಪಾಠ ಸರಿ. ಓದಿದವರಿಗೂ ಆ ದಿನ ಬಿಡುವಿಲ್ಲದಿರಬಹುದು. ಆದರೆ ಅದು ಎಣಿಸುವುದು ಮಾರುವವನ ದಿನಗಳನ್ನು. ಸಣ್ಣ ಕಾರ್ಖಾನೆಗೆ ತನ್ನದೇ ಪಂಚಾಂಗವಿದೆ. ತಿಂಗಳ ಮೊದಲ ವಾರ ಸಂಬಳ. ಪ್ರತಿ ತಿಂಗಳೂ ಜಿಎಸ್‌ಟಿ ಲೆಕ್ಕ ಸಲ್ಲಿಸುವವರಿಗೆ 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆ. 15ಕ್ಕೆ ಪಿಎಫ್, ಇಎಸ್‌ಐ. ಕೊನೆಯ ವಾರ ಡಿಸ್ಪ್ಯಾಚಿನ ಒತ್ತಡ. ಉಳಿಯುವುದು 12ರಿಂದ 14ರವರೆಗೆ ಮತ್ತು 21ರಿಂದ 24ರವರೆಗೆ, ಅಷ್ಟೆ. ಅದರ ಮೇಲೆ ಋತುವಿದೆ: ಜೂನಿನಲ್ಲಿ ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಈ ಪತ್ರಗಳು ಹೋಗಬೇಕು. ಜನವರಿಯಲ್ಲಿ ತುಕ್ಕಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೊದಲ ಪತ್ರ ಏಪ್ರಿಲ್ 22ರ ಸುಮಾರಿಗೆ ಹೋದರೆ ಎರಡನೆಯದು ಮೇ 13ಕ್ಕೆ ಹೋಗಲಿ. ‘ನನ್ನ ಹಿಂದಿನ ಪತ್ರ ನೋಡಿದಿರಾ’ ಎಂಬ ಸಾಲು ಅದರಲ್ಲಿ ಬೇಡ. ಹಿಂದಿನದನ್ನು ಓದದವರಿಗೂ ಉಪಯೋಗವಾಗುವ ಬೇರೊಂದು ವಿಷಯ ಇರಬೇಕು. ವಿಸಿಐ ಚೀಲ ಕೆಲಸ ಮಾಡುತ್ತದೋ ಇಲ್ಲವೋ ಎಂದು ಮಾಲೀಕರೇ ನೋಡುವ ಪರೀಕ್ಷೆಯನ್ನು ನಾನು ಬರೆಯುತ್ತೇನೆ.

‘ವಿಸಿಐ ಎಂದರೆ ಚೀಲದೊಳಗೆ ಆವಿಯಾಗಿ ಹರಡಿ ಲೋಹದ ಮೇಲೆ ಕೂರುವ ತುಕ್ಕುನಿರೋಧಕ. ಬಾಯಿ ತೆರೆದಿದ್ದರೆ ಆವಿ ಹೊರಟುಹೋಗುತ್ತದೆ; ಸುತ್ತು ಬಿಚ್ಚಿ ಮೇಜಿನ ಮೇಲೆ ವಾರಗಟ್ಟಲೆ ಇಟ್ಟ ಹಾಳೆ ಬರೀ ಪ್ಲಾಸ್ಟಿಕ್ ಆಗುತ್ತ ಹೋಗುತ್ತದೆ. ನೀವೇ ಪರೀಕ್ಷಿಸಬಹುದು. ಎಣ್ಣೆ, ಕೂಲಂಟ್ ಹೋಗುವಂತೆ ತೊಳೆದು ಒಣಗಿಸಿದ ಮೂರು ಶಾಫ್ಟ್ ತೆಗೆದುಕೊಳ್ಳಿ. ಒಂದನ್ನು ಸಾದಾ ಪಾಲಿಥಿನ್ ಚೀಲದಲ್ಲಿ, ಇನ್ನೊಂದನ್ನು ನೀವು ಈಗ ಬಳಸುವ ಚೀಲದಲ್ಲಿ, ಮತ್ತೊಂದನ್ನು ನಾವು ಕಳಿಸುವ ಚೀಲದಲ್ಲಿ ಹಾಕಿ ಒಂದು ದಿನ ಮುಚ್ಚಿಡಿ. ಆಮೇಲೆ ಮೂರರಲ್ಲೂ ಲೋಹಕ್ಕೆ ತಾಗದಂತೆ ಚಿಕ್ಕ ಬಟ್ಟಲಲ್ಲಿ ಒದ್ದೆ ಹತ್ತಿ ಇಟ್ಟು ಮತ್ತೆ ಮುಚ್ಚಿ. ಹಗಲು ಶೀಟಿನ ಬಿಸಿ, ರಾತ್ರಿ ತಂಪು ತಾಗುವ ಕಡೆ ಒಂದು ವಾರ ಇಡಿ. ಸಾದಾ ಚೀಲದ ಶಾಫ್ಟಿಗೂ ತುಕ್ಕು ಬಾರದಿದ್ದರೆ ಪರೀಕ್ಷೆ ಸಾಲದು, ಇನ್ನೊಂದು ವಾರ ಬಿಡಿ. ನಿಮ್ಮ ಈಗಿನ ಚೀಲದ ಶಾಫ್ಟು ಸ್ವಚ್ಛವಾಗಿದ್ದರೆ ಸರಬರಾಜುದಾರರನ್ನು ಬದಲಿಸಬೇಡಿ. ಹಿತ್ತಾಳೆ, ತಾಮ್ರದ ಭಾಗ ಜೊತೆಗಿದ್ದರೆ ಮೊದಲೇ ತಿಳಿಸಿ, ಉಕ್ಕಿಗೆಂದು ಮಾಡಿದ ಚೀಲ ಅದಕ್ಕೆ ಹೊಂದದಿರಬಹುದು. ವಿಳಾಸ ಬರೆದರೆ ಐದು ಚೀಲ ಕಳಿಸುತ್ತೇನೆ.’

ಬಿಟ್ಟಿಯಾಗಿ ಇಷ್ಟು ಹೇಳಿಕೊಟ್ಟರೆ ಹಳೆಯ ಸರಬರಾಜುದಾರನಿಗೇ ಲಾಭವಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಕೆಲವು ಕಡೆ ಹಾಗಾಗುತ್ತದೆ. ಅವನ ಚೀಲ ಚೆನ್ನಾಗಿದ್ದರೆ ಆ ಆರ್ಡರು ಹೇಗೂ ಸಿಗುತ್ತಿರಲಿಲ್ಲ, ದರ ಇಳಿಸಿ ಕಿತ್ತುಕೊಂಡರೂ ಇನ್ನೊಬ್ಬ ಇಳಿಸುವವರೆಗೆ ಮಾತ್ರ ಉಳಿಯುತ್ತಿತ್ತು. ಅವನ ಚೀಲ ಸೋತರೆ, ಸೋತದ್ದನ್ನು ಮಾಲೀಕರು ಸ್ವಂತ ಕಣ್ಣಿನಿಂದ ಕಂಡಿರುತ್ತಾರೆ.

ಮೂರನೆಯ ಪತ್ರ ಮೇ 22ರ ಹೊತ್ತಿಗೆ. ತಾಂತ್ರಿಕ ಮಾತು ಮುಗಿಯಿತು, ಈಗ ಮಾಲೀಕರ ಮನಸ್ಸಿನಲ್ಲಿರುವ ಹೆದರಿಕೆಗೆ ಉತ್ತರ ಕೊಡಬೇಕು. ‘ಹಳಬರನ್ನು ಬಿಡಿ ಎನ್ನುತ್ತಿಲ್ಲ. ಜೂನ್, ಜುಲೈನಲ್ಲಿ ಪುಣೆಗೆ ಹೋಗುವ ಒಂದೇ ಪಾರ್ಟಿಗೆ 500 ಚೀಲ ಕೊಡುತ್ತೇವೆ. ದರ ಈ ಪತ್ರದ ಜೊತೆಗಿದೆ. ಆರ್ಡರಾದ ನಾಲ್ಕು ಕೆಲಸದ ದಿನಗಳಲ್ಲಿ ತಲುಪುತ್ತದೆ, ರಾತ್ರೋರಾತ್ರಿ ಕೊಡಲು ನಮ್ಮಿಂದಾಗದು. ಹಣಕ್ಕೆ 45 ದಿನ.’ ಈ 45ಕ್ಕೆ ಕಾರಣವಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಬಾಕಿ ಸಲ್ಲಿಸಲು 2006ರ ಕಾಯ್ದೆ ಬರಹದ ಒಪ್ಪಂದವಿದ್ದರೂ ಕೊಡುವ ಗರಿಷ್ಠ ಅವಧಿ ಅದು. ತೊಂಬತ್ತು ದಿನದ ಸಾಲ ರೂಢಿಯಾಗಿರುವಲ್ಲಿ ಇದು ಗಿರಾಕಿಯನ್ನು ದೂರ ಮಾಡಬಹುದು. ಆದರೂ ಮೊದಲೇ ಬರೆದುಬಿಡುವುದು ಒಳ್ಳೆಯದು, ಇಲ್ಲವಾದರೆ ಎರಡನೇ ಬಿಲ್ಲಿನ ಹೊತ್ತಿಗೆ ಮನಸ್ತಾಪ ಶುರುವಾಗುತ್ತದೆ.

ಮೂರಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಬೇಕು, ‘ಕೊನೆಯ ಪತ್ರ’ ಎಂಬ ಬೆದರಿಕೆಯೂ ಬೇಡ. ಹೊಸದಾಗಿ ಹೇಳಲು ಏನಾದರೂ ಇದ್ದರೆ ಮುಂದಿನ ಏಪ್ರಿಲ್ಲಿಗೆ ಬರೆಯಬಹುದು.

ಈ ದಾರಿಗೂ ಮಿತಿಯಿದೆ. ಒಂದೊಂದು ಕಾರ್ಖಾನೆ ಏನು ಮಾಡುತ್ತದೆ, ಎಲ್ಲಿಗೆ ಕಳಿಸುತ್ತದೆ ಎಂದು ನೋಡಿ ಬರೆಯಬೇಕಾದ್ದರಿಂದ ದಿನಕ್ಕೆ ಇನ್ನೂರು ಪತ್ರ ಸಾಗದು. ಸಾದಾ ಮೂರು ಪದರದ ರಟ್ಟಿನ ಪೆಟ್ಟಿಗೆ ಮಾತ್ರ ಮಾರುವವರಿಗೆ ಹೇಳಲು ಇಷ್ಟೆಲ್ಲ ಇರುವುದೂ ಇಲ್ಲ. ಅಂಥವರು ಅಳತೆ, ಕಾಗದದ ತೂಕ, ದರ, ಎಷ್ಟು ದಿನದಲ್ಲಿ ಕೊಡುತ್ತೇವೆ ಎಂದು ನಾಲ್ಕು ಸಾಲು ಬರೆದು ಕೈಮುಗಿಯುವುದೇ ಸರಿ.

ಇನ್ನು ಫೋಟೊ ಬಂದೇಬಿಟ್ಟರೆ? ಶಾಫ್ಟಿನ ಎರಡು ತುದಿಯಲ್ಲಿ ನಾಲ್ಕು ಬೆರಳ ಗುರುತು ಕಂದಾಗಿ ಕಂಡರೆ ಉತ್ತರ ಅದೇ ದಿನ ಹೋಗಲಿ: ‘ಸರ್, ಇದು ಚೀಲದ ತಪ್ಪಲ್ಲ. ಕೊನೆಯ ಇನ್‌ಸ್ಪೆಕ್ಷನ್ ಮೇಜಿನಲ್ಲಿ ಕೈಗವಸು ಕೊಡಿಸಿ, ಪಾರ್ಟು ಮುಟ್ಟಿದ ಮೇಲೆ ಇನ್ನೊಮ್ಮೆ ಎಣ್ಣೆ ಹಚ್ಚಿಸಿ. ಮುಂದಿನ ಎರಡು ಲಾಟು ಹಾಗೆ ಕಳಿಸಿ ನೋಡಿ. ಅಷ್ಟಾದರೂ ದೂರು ಬಂದರೆ ನಮ್ಮ ಚೀಲದ ಮಾತು ಆಡೋಣ.’