ಮಗುವಿನ ಮೂರು ಕಾಲ: ಸಂಗೀತ, ನೃತ್ಯ ಶಾಲೆಗೆ ಸೇರಿಸುವ ಅಪ್ಪ ಅಮ್ಮಂದಿರಿಗೆ

ಜೂನ್ ತಿಂಗಳಲ್ಲಿ ಒಮ್ಮೆ, ವಿಜಯದಶಮಿಯ ಆಸುಪಾಸಿನಲ್ಲಿ ಇನ್ನೊಮ್ಮೆ, ಬಡಾವಣೆಯ ಗೇಟುಗಳ ಮೇಲೂ ವಾಟ್ಸಾಪ್ ಗುಂಪುಗಳಲ್ಲೂ ಒಂದೇ ಬಗೆಯ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. 'ಹೊಸ ತರಗತಿಗಳು ಆರಂಭ. ಕರ್ನಾಟಕ ಸಂಗೀತ, ಭರತನಾಟ್ಯ. 5 ವರ್ಷ ಮೇಲ್ಪಟ್ಟ ಮಕ್ಕಳಿಗೆ ಪ್ರವೇಶ. ಪರೀಕ್ಷೆಗೆ ತರಬೇತಿ, ವೇದಿಕೆಯ ಅವಕಾಶ.' ಇದನ್ನು ಓದಿದ ಅಪ್ಪ ಅಮ್ಮ ಫೀಸು ಎಷ್ಟು, ವಾರಕ್ಕೆ ಎಷ್ಟು ಕ್ಲಾಸು, ಹಾಡು ಯಾವಾಗ ಶುರು ಎಂದು ಕೇಳುತ್ತಾರೆ. ಮೊದಲ ಟರ್ಮಿನಲ್ಲಿ ಮಗು ನಿಜಕ್ಕೂ ಏನು ಮಾಡುತ್ತದೆ, ಅದನ್ನು ಹೇಗೆ ಕೇಳಬೇಕು, ಹೇಗೆ ನೋಡಬೇಕು ಎನ್ನುವುದನ್ನು ಕೇಳುವವರು ಕಡಿಮೆ. ಸಂಗೀತ ಗೊತ್ತಿಲ್ಲದವರಿಗೂ ಅದು ತಿಳಿಯುವಂಥದ್ದೇ. ಎರಡೂ ವಿದ್ಯೆಗಳ ಮೊದಲ ಪಾಠ ನಿಂತಿರುವುದು ಒಂದೇ ಸಂಗತಿಯ ಮೇಲೆ, ಅದು ಮೂರು ಕಾಲ. ಅದನ್ನು ಹಿಡಿದುಕೊಂಡರೆ ಕ್ಲಾಸಿನ ಬಾಗಿಲಲ್ಲಿ ಕುಳಿತೇ ಪಾಠ ಹೇಗೆ ನಡೆದಿದೆ ಎಂದು ಹೇಳಬಹುದು.

ಮೊದಲು ಹಾಡುಗಾರಿಕೆ. ಸೇರಿದ ಮಗುವಿಗೆ ಮೊದಲು ಹೇಳಿಕೊಡುವುದು ಸರಳೆ ವರಸೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎನ್ನುವುದು ಪರಂಪರೆಯ ಮಾತು. ರಾಗ ಮಾಯಾಮಾಳವಗೌಳ, ತಾಳ ಆದಿ. ಈ ರಾಗವನ್ನೇ ಏಕೆ ಮೊದಲಿಗೆ ಇಟ್ಟರು ಎನ್ನುವುದು ಕಿವಿಗೆ ಗೊತ್ತಾಗುತ್ತದೆ. ಇದರಲ್ಲಿ ಸ ಮತ್ತು ರಿ ಬಹಳ ಹತ್ತಿರ, ರಿಯಿಂದ ಗಕ್ಕೆ ದೊಡ್ಡ ಜಿಗಿತ, ಗ ಮತ್ತು ಮ ಮತ್ತೆ ಹತ್ತಿರ. ಪದಿಂದ ಮೇಲಿನ ಸ ತನಕವೂ ಇದೇ ಅಳತೆ. ಹಾಗಾಗಿ 'ಪದನಿಸ' ಎನ್ನುವುದು 'ಸರಿಗಮ'ದ ಧಾಟಿಯೇ, ಪಂಚಮದಿಂದ ಶುರುವಾಗಿದೆ ಅಷ್ಟೆ. ಅರ್ಧ ಕಲಿತ ಮಗುವಿಗೆ ಉಳಿದರ್ಧ ಪರಿಚಿತ ದಾರಿ. ಮನೆಯಲ್ಲಿ ಮಗು ಹಾಡುವಾಗ ಈ ಎರಡು ತುಂಡುಗಳನ್ನು ಒಂದರ ಹಿಂದೊಂದು ಹಾಡಿಸಿ ಕೇಳಿ. ಎರಡೂ ಒಂದೇ ಧಾಟಿ ಎಂದು ನಿಮಗೆ ಅನ್ನಿಸಿದರೆ ಸ್ವರಸ್ಥಾನ ಕೂತಿದೆ. ಎರಡನೆಯದು ಸಪ್ಪೆಯಾಗಿ, ಬೇರೆಯಾಗಿ ಕೇಳಿಸಿದರೆ ಸಾಮಾನ್ಯವಾಗಿ ದ ಮೇಲಕ್ಕೆ ಸರಿದಿರುತ್ತದೆ, ಇಲ್ಲವೆ ನಿ ಕೆಳಗೆ ಇಳಿದಿರುತ್ತದೆ.

ಇನ್ನು ತಾಳ. ಆದಿತಾಳಕ್ಕೆ ಎಂಟು ಅಕ್ಷರ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಕೆ, ಅಲ್ಲಿಗೆ ನಾಲ್ಕು. ನಂತರ ತಟ್ಟು, ಕೈ ತಿರುವು, ಮತ್ತೆ ತಟ್ಟು, ಕೈ ತಿರುವು, ಅಲ್ಲಿಗೆ ಎಂಟು. ಇದು ಒಂದು ಆವರ್ತ. ಈ ಕೈ ಒಂದೇ ನಡೆಯಲ್ಲಿ ಸಾಗುತ್ತಿರಬೇಕು.

ಮೊದಲ ಸರಳೆಯನ್ನೇ ತೆಗೆದುಕೊಳ್ಳೋಣ. ಹತ್ತುವಾಗ ಸರಿಗಮಪದನಿಸ, ಇಳಿಯುವಾಗ ಸನಿದಪಮಗರಿಸ, ಒಟ್ಟು ಹದಿನಾರು ಸ್ವರ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಕೈಯ ಒಂದು ಎಣಿಕೆಗೆ ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು ಸ್ವರ. ಹತ್ತುವುದಕ್ಕೆ ಒಂದು ಆವರ್ತ, ಇಳಿಯುವುದಕ್ಕೆ ಇನ್ನೊಂದು, ಒಟ್ಟು 16 ಸೆಕೆಂಡ್. ಎರಡನೇ ಕಾಲದಲ್ಲಿ ಎಣಿಕೆಗೆ ಎರಡು ಸ್ವರ. ಹತ್ತಿ ಇಳಿಯುವುದೆಲ್ಲ ಒಂದೇ ಆವರ್ತದೊಳಗೆ, 8 ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರನೇ ಕಾಲದಲ್ಲಿ ಎಣಿಕೆಗೆ ನಾಲ್ಕು. ಹದಿನಾರು ಸ್ವರಕ್ಕೆ ಅರ್ಧ ಆವರ್ತ ಸಾಕು, ಆದ್ದರಿಂದ ಎರಡು ಸಲ ಹಾಡಿ ಆವರ್ತ ತುಂಬಿಸುತ್ತಾರೆ. ಮೂರು ಕಾಲದಲ್ಲೂ ಕೈಯ ನಡೆ ಅದೇ. ಬದಲಾಗುವುದು ಗಂಟಲಿನ ಕೆಲಸ ಮಾತ್ರ.

ತಪ್ಪು ಆಗುವುದೂ ಇಲ್ಲೇ. ಎರಡನೇ ಕಾಲ ಎಂದ ಕೂಡಲೇ ಮಗುವಿನ ಕೈಯೂ ಓಡತೊಡಗುತ್ತದೆ. ಆಗ ಅದು ಎರಡನೇ ಕಾಲವಲ್ಲ, ಬೇಗ ಬೇಗ ಹಾಡಿದ ಒಂದನೇ ಕಾಲ. ಹಾಡು ಕೇಳುವುದಕ್ಕೆ ಸರಿಯಾಗಿಯೇ ಇರುತ್ತದೆ, ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಹಾಡನ್ನು ಬಿಟ್ಟು ಕೈಯನ್ನೇ ನೋಡಿ. ಅಥವಾ ತಾಳವನ್ನು ನೀವು ಹಾಕಿ, ಮಗು ಹಾಡಲಿ. 'ಅಮ್ಮ, ನೀನು ನಿಧಾನ ಮಾಡ್ತಿದ್ದೀಯ' ಎಂದು ಅದು ದೂರಿದರೆ, ಇಷ್ಟು ದಿನ ಅದರ ಕೈ ಓಡುತ್ತಿತ್ತು ಎಂದೇ ಅರ್ಥ. ಬೈಯುವ ಅಗತ್ಯವಿಲ್ಲ. ನಿಮ್ಮ ಕೈ ಅಲುಗದೆ ಸಾಗಿದರೆ ಕೆಲವು ವಾರಗಳಲ್ಲಿ ಅದು ತಾನೇ ಸರಿಹೋಗುತ್ತದೆ.

ಇನ್ನೊಂದು ತಪ್ಪು ಮೂರನೇ ಕಾಲದಲ್ಲಿ. ಸ್ವರಗಳು ಒಂದರೊಳಗೊಂದು ನುಂಗಿಹೋಗುತ್ತವೆ. 'ಪದನಿಸ'ದಲ್ಲಿ ನಿ ಕೇಳಿಸುವುದೇ ಇಲ್ಲ, 'ಮಗರಿಸ'ದಲ್ಲಿ ಗ ಜಾರುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಮಗು ಅಲ್ಲ, ಶುರು ಮಾಡಿದ ವೇಗ. ಒಂದನೇ ಕಾಲವನ್ನೇ ಚುರುಕಾಗಿ ತೆಗೆದುಕೊಂಡರೆ ಮೂರನೆಯದು ಅದರ ನಾಲ್ಕು ಪಟ್ಟಾಗುತ್ತದೆ, ಯಾವ ಪುಟ್ಟ ಗಂಟಲಿಗೂ ಅದು ಎಟುಕುವುದಿಲ್ಲ. ಬಲ್ಲ ಗುರುಗಳು ಲೆಕ್ಕವನ್ನು ತಿರುಗಿಸಿ ಹಾಕುತ್ತಾರೆ. ಈ ಮಗು ಮೂರನೇ ಕಾಲದಲ್ಲಿ ಎಷ್ಟನ್ನು ಸ್ಪಷ್ಟವಾಗಿ ಹಾಡಬಲ್ಲದು ಎಂದು ನೋಡಿಕೊಂಡು, ಅದಕ್ಕೆ ತಕ್ಕಂತೆ ಒಂದನೇ ಕಾಲವನ್ನು ನಿಧಾನವಾಗಿ ಹಿಡಿಯುತ್ತಾರೆ. ಒಂದನೇ ಕಾಲ ಎಳೆದಂತೆ ಕೇಳಿಸಿದರೆ 'ಈ ಮೇಷ್ಟ್ರು ತುಂಬ ನಿಧಾನ' ಎಂದುಕೊಳ್ಳಬೇಡಿ. ಆ ನಿಧಾನದಲ್ಲಿ ಮಗು ಪ್ರತಿ ಸ್ವರವನ್ನೂ ಅಲುಗದೆ ನಿಲ್ಲಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಮೂರರಲ್ಲಿ ಅದೇ ಅತ್ಯಂತ ಕಷ್ಟದ ಕಾಲ, ಕೇಳುವುದಕ್ಕೂ ಅದೇ ಚೆಂದ.

ಶ್ರುತಿಯ ಬಗ್ಗೆ ಒಂದು ಮಾತು. ಹತ್ತು ಮಕ್ಕಳ ಬ್ಯಾಚಿಗೆ ಒಂದೇ ಶ್ರುತಿ ಇಡುವುದು ಅನಿವಾರ್ಯ. ಎಲ್ಲರಿಗೂ ಅದು ಒಗ್ಗುವುದಿಲ್ಲ. ಮೇಲಿನ ಸ ಬಂದಾಗ ಮಗು ಗದ್ದ ಎತ್ತಿ, ಕತ್ತಿನ ನರ ಬಿಗಿದು ಕಿರುಚುತ್ತಿದ್ದರೆ ಶ್ರುತಿ ಅದಕ್ಕೆ ಹೆಚ್ಚಾಗಿದೆ. ಕೆಳಗಿನ ಸ ಹತ್ತಿರ ಬರೀ ಗಾಳಿ ಬರುತ್ತಿದ್ದರೆ ಕಡಿಮೆಯಾಗಿದೆ. ಮನೆಯ ಅಭ್ಯಾಸಕ್ಕೆ ಯಾವ ಮನೆ ಶ್ರುತಿ ಇಟ್ಟುಕೊಳ್ಳಬೇಕು ಎಂದು ಗುರುಗಳನ್ನು ಮಗುವಿನ ಹೆಸರು ಹೇಳಿಯೇ ಕೇಳಿ. ಶ್ರುತಿಪೆಟ್ಟಿಗೆಯೋ ಮೊಬೈಲಿನ ತಂಬೂರಿಯೋ ಇಲ್ಲದೆ ಅಭ್ಯಾಸ ಮಾಡಿಸಬೇಡಿ.

ನೃತ್ಯದ ಕೋಣೆಗೆ ಬಂದರೆ ಸಂಗತಿ ಅದೇ, ಕೆಲಸ ಮಾತ್ರ ಕಾಲಿನದು. ಭೂಮಿಗೆ ನಮಸ್ಕಾರ ಮಾಡಿದ ಮೇಲೆ ಮಗು ಕಲಿಯುವ ಮೊದಲ ಅಡವು ತಟ್ಟಡವು. ಅರೆಮಂಡಿಯಲ್ಲಿ ಕುಳಿತು, ಗುರುಗಳು ಮಣೆಯ ಮೇಲೆ ಕೋಲಿನಿಂದ ತಟ್ಟುತ್ತ 'ತೈಯ ತೈ' ಎಂದಂತೆ ಬಲಗಾಲು, ಎಡಗಾಲು ತಟ್ಟುವುದು. ಒಂದನೇ ಕಾಲದಲ್ಲಿ ಒಂದು ತಟ್ಟು ಬಿದ್ದ ಜಾಗದಲ್ಲಿ ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕೋಲಿನ ನಡೆ ಬದಲಾಗುವುದಿಲ್ಲ.

ಇಲ್ಲಿ ನೋಡಬೇಕಾದದ್ದು ಪಾದವನ್ನಲ್ಲ, ಮಂಡಿ ಮತ್ತು ತಲೆಯನ್ನು. ಅರೆಮಂಡಿ ಎಂದರೆ ಪಾದಗಳು ಹೊರಕ್ಕೆ ತಿರುಗಿ, ಮಂಡಿಗಳು ಪಾದದ ಬೆರಳುಗಳ ದಿಕ್ಕಿನಲ್ಲೇ ಅಗಲವಾಗಿ, ಬೆನ್ನು ನೇರವಾಗಿ ಇರುವ ಅರ್ಧ ಕೂತ ನಿಲುವು. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ಇನ್ನೂ ಸಡಿಲ ಬಾರದ ಮಗು ಪಾದಗಳನ್ನು ಮಾತ್ರ ಬಲವಂತವಾಗಿ ಹೊರಕ್ಕೆ ತಿರುಗಿಸುತ್ತದೆ, ಮಂಡಿಗಳು ಮುಂದಕ್ಕೇ ನೋಡುತ್ತ ಒಳಕ್ಕೆ ಬೀಳುತ್ತವೆ. ಭಾರವೆಲ್ಲ ಮಂಡಿಯ ಒಳಬದಿಗೆ ಬೀಳುವುದು ಆಗಲೇ. ಒಳ್ಳೆಯ ಗುರುಗಳು ಇಂಥ ಮಗುವಿಗೆ 'ಇನ್ನೂ ಕೂತ್ಕೋ' ಎನ್ನುವುದಿಲ್ಲ. ಪಾದಗಳ ಕೋನವನ್ನು ಕಡಿಮೆ ಮಾಡಿಸಿ, ಮಂಡಿ ಸರಿಯಾದ ದಿಕ್ಕಿಗೆ ಬರುವಷ್ಟೇ ಕೂರಿಸುತ್ತಾರೆ. ಮೊದಲ ಟರ್ಮಿನಲ್ಲಿ ಅರೆಮಂಡಿ ಆಳವಿಲ್ಲದಿದ್ದರೆ ಕೊರತೆಯೇನಲ್ಲ, ವಕ್ರವಾಗಿದ್ದರೆ ಕೊರತೆ.

ತಲೆಯನ್ನು ನೋಡುವ ಬಗೆ ಇನ್ನೂ ಸುಲಭ. ಮಗು ಅರೆಮಂಡಿಯಲ್ಲಿ ಕೂತಾಗ ಅದರ ನೆತ್ತಿಯ ಮಟ್ಟಕ್ಕೆ ಹಿಂದಿನ ಗೋಡೆಯ ಮೇಲೆ ಒಂದು ಗುರುತು ಹಿಡಿದುಕೊಳ್ಳಿ, ಸ್ವಿಚ್ ಬೋರ್ಡೋ ಚಿತ್ರಪಟದ ಅಂಚೋ ಆಗಬಹುದು. ಒಂದನೇ ಕಾಲದಲ್ಲಿ ನೆತ್ತಿ ಅಲ್ಲೇ ಇರುತ್ತದೆ. ಎರಡನೆಯದರಲ್ಲಿ ಸ್ವಲ್ಪ ಮೇಲೇಳುತ್ತದೆ. ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ಮಗು ಹೆಚ್ಚು ಕಡಿಮೆ ನಿಂತೇಬಿಟ್ಟಿರುತ್ತದೆ. ವೇಗ ಹೆಚ್ಚಾದಾಗ ದೇಹ ಸುಲಭದ ದಾರಿ ಹಿಡಿಯುತ್ತದೆ, ತೊಡೆಗೆ ಇನ್ನೂ ಬಲ ಬಂದಿಲ್ಲ. ಹಾಡಿನಲ್ಲಿ ಕೈಯ ನಡೆ ಹೇಗೋ ನೃತ್ಯದಲ್ಲಿ ನೆತ್ತಿಯ ಮಟ್ಟ ಹಾಗೆ. ಟರ್ಮು ಮುಗಿಯುವ ಹೊತ್ತಿಗೆ ಎರಡನೇ ಕಾಲದ ತನಕ ನೆತ್ತಿ ಗುರುತಿನ ಬಳಿಯೇ ಉಳಿದರೆ ಪಾಠ ಚೆನ್ನಾಗಿ ನಡೆದಿದೆ.

ನೆಲವನ್ನು ಮುಟ್ಟಿ ನೋಡುವುದನ್ನು ಮರೆಯಬೇಡಿ. ತಟ್ಟಡವಿನಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ಬೀಳಬೇಕು, ಹಿಮ್ಮಡಿ ಮಾತ್ರ ಕುಟ್ಟಬಾರದು. ಬರೀ ಕಾಂಕ್ರೀಟು ಅಥವಾ ಗ್ರಾನೈಟಿನ ಮೇಲೆ ವಾರವಾರವೂ ತಟ್ಟಿದರೆ ಆ ಪೆಟ್ಟು ಮೊಣಕಾಲಿಗೆ ಹತ್ತುತ್ತದೆ. ಮರದ ನೆಲವಿದ್ದರೆ ಒಳ್ಳೆಯದು. ಇಲ್ಲದ ಕಡೆ ಗುರುಗಳು ಎಷ್ಟು ಹೊತ್ತು ತಟ್ಟಿಸುತ್ತಾರೆ, ನಡುವೆ ಬಿಡುವು ಕೊಡುತ್ತಾರೆಯೇ ಎಂದು ಗಮನಿಸಿ. ಕ್ಲಾಸಿನ ಮರುದಿನವೂ ಮಗು ಮೊಣಕಾಲು ನೋವು ಎಂದರೆ ಗುರುಗಳಿಗೆ ಹೇಳಿ, ನೋವು ಉಳಿದರೆ ಡಾಕ್ಟರಿಗೆ ತೋರಿಸಿ. ಗೆಜ್ಜೆಗೆ ಅವಸರ ಬೇಡ, ಅಡವುಗಳು ಗಟ್ಟಿಯಾದ ಮೇಲೆ ಗೆಜ್ಜೆಪೂಜೆ ಮಾಡಿ ಕಟ್ಟಿಸುವುದು ರೂಢಿ.

ಹಾಡು ಯಾವಾಗ ಎನ್ನುವ ಪ್ರಶ್ನೆಗೂ ಉತ್ತರ ಇದೆ. ಸರಳೆ, ಜಂಟಿ, ಅಲಂಕಾರಗಳಾದ ಮೇಲೆ ಪುರಂದರದಾಸರ ಪಿಳ್ಳಾರಿ ಗೀತೆಗಳು ಬರುತ್ತವೆ, ಮಲಹರಿ ರಾಗದಲ್ಲಿ. ಮಲಹರಿ ಹುಟ್ಟಿದ್ದು ಮಾಯಾಮಾಳವಗೌಳದಿಂದಲೇ. ಆದರೆ ಹತ್ತುವಾಗ ಗ ಇಲ್ಲ, ನಿ ಎಲ್ಲಿಯೂ ಇಲ್ಲ. ತಿಂಗಳುಗಟ್ಟಲೆ ಸರಳೆ ಕೇಳಿದ ನಿಮ್ಮ ಕಿವಿಗೆ ಆ ಎರಡು ಸ್ವರಗಳ ಜಾಗ ಖಾಲಿಯಾಗಿರುವುದು ಮೊದಲ ಗೀತೆಯಲ್ಲೇ ಹೊಳೆಯಬೇಕು. ರಾಗ ಎಂದರೇನು ಎಂದು ಮಗುವಿನ ಜೊತೆ ನಿಮಗೂ ಅಲ್ಲಿ ಗೊತ್ತಾಗುತ್ತದೆ. ಸರಳೆಯನ್ನೇ ಹಾರಿಸಿ ಎರಡನೇ ತಿಂಗಳಿಗೆ ದೇವರನಾಮ ಕಲಿಸಿ ವೇದಿಕೆ ಹತ್ತಿಸುವ ಕಡೆ ಈ ಸುಖ ಮಗುವಿಗೂ ಇಲ್ಲ, ನಿಮಗೂ ಇಲ್ಲ. ಜೂನಿಯರ್ ಪರೀಕ್ಷೆಯ ಮಾತು ಇನ್ನೂ ಎಷ್ಟೋ ದೂರ.

ಕಛೇರಿಗೂ ಮಗುವನ್ನು ಕರೆದುಕೊಂಡು ಹೋಗಿ. ಬೆಂಗಳೂರಿನವರಿಗೆ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಇದೆ, ಮೈಸೂರಿನವರಿಗೆ ಎಂಟನೇ ಕ್ರಾಸಿನ ಗಣಪತಿ ಉತ್ಸವ ಇದೆ. ಮೂರು ಗಂಟೆ ಕೂರಬೇಕಿಲ್ಲ, ಶುರುವಿನ ವರ್ಣ ಕೇಳಿಸಿದರೆ ಸಾಕು. ಅನೇಕ ವಿದ್ವಾಂಸರು ವರ್ಣವನ್ನು ಎರಡು ಕಾಲದಲ್ಲಿ ಹಾಡುತ್ತಾರೆ. ಕೈಯ ನಡೆ ಬದಲಾಗದೆ ಹಾಡು ಇಮ್ಮಡಿಯಾಗುವ ಆ ಜಾಗದಲ್ಲಿ ಮಗುವಿನ ತೊಡೆಯ ಮೇಲೆ ನಿಮ್ಮ ಕೈ ತಾಳ ಹಾಕುತ್ತಿರಲಿ. ತಾನು ಮನೆಯಲ್ಲಿ ಮಾಡುವುದನ್ನೇ ದೊಡ್ಡವರೂ ಮಾಡುತ್ತಾರೆ ಎಂದು ಅದಕ್ಕೆ ತಿಳಿಯುತ್ತದೆ.

ಆದ್ದರಿಂದ ಈ ಸಲ ಪ್ರಕಟಣೆ ಕಂಡು ಫೋನ್ ಮಾಡಿದಾಗ ಒಂದು ಮಾತು ಹೆಚ್ಚಿಗೆ ಕೇಳಿ: ಹೋದ ವರ್ಷ ಸೇರಿದ ಮಕ್ಕಳಿಗೆ ಮೂರು ಕಾಲ ಮಾಡಿಸುವಾಗ ನಾವು ಹಿಂದೆ ಕೂತು ನೋಡಬಹುದೇ? ಒಪ್ಪಿದರೆ ಹೋಗಿ, ಮಕ್ಕಳ ಕೈ ಮತ್ತು ನೆತ್ತಿ ನೋಡಿ, ಆಮೇಲೆ ಫೀಸು ಕಟ್ಟಿ.